ಎರಡು ವೆಂಡರ್‌ಗಳ ಕ್ಲೋಸಿಂಗ್ ಬೆಲೆ ತಾಳೆಯಾಗದಿದ್ದಾಗ: ತಪ್ಪು ಎಲ್ಲಿದೆ ಎಂದು ಹಿಡಿಯುವುದು ಹೇಗೆ

ಷೇರು ಬೆಲೆಗಳನ್ನು ಮಾರುವ ವೆಂಡರ್‌ನಿಂದ ರಾತ್ರಿ ಬರುವ ಬೆಲೆ ಫೈಲ್ ಎರಡು ಥರ ಕೆಡಬಹುದು. ಒಂದು, ಫೈಲ್ ಬರುವುದೇ ಇಲ್ಲ, ಇಲ್ಲವೇ ಅರ್ಧ ಬಂದು ನಿಂತುಬಿಡುತ್ತದೆ. ಇದು ತಲೆನೋವೇನೂ ಅಲ್ಲ. ಲೋಡ್ ಮಾಡುವ ಪ್ರೋಗ್ರಾಂ ಅಲ್ಲೇ ಕೂಗಿಕೊಳ್ಳುತ್ತದೆ, ಯಾರೋ ಎದ್ದು ನೋಡುತ್ತಾರೆ. ಇನ್ನೊಂದು, ಫೈಲ್ ಸಮಯಕ್ಕೆ ಸರಿಯಾಗಿ ಬರುತ್ತದೆ. ಸಾಲುಗಳ ಲೆಕ್ಕ ಸರಿ, ತಾರೀಖು ಸರಿ, ಯಾವ ಬೆಲೆಯೂ ಸೊನ್ನೆ ಇಲ್ಲ, ಋಣ ಸಂಖ್ಯೆಯೂ ಇಲ್ಲ. ಆದರೆ ಒಳಗಿನ ಕೆಲವು ಬೆಲೆಗಳು ಮಾತ್ರ ತಪ್ಪು. ಈ ಎರಡನೇ ಥರದ್ದನ್ನು ಒಂದೇ ವೆಂಡರ್ ಇಟ್ಟುಕೊಂಡವರು ಹಿಡಿಯುವುದು ಕಷ್ಟ. ಬೆಲೆ ತನ್ನಷ್ಟಕ್ಕೆ ನಂಬುವ ಹಾಗೇ ಇರುತ್ತದೆ.

ಅದಕ್ಕೇ ಎರಡನೇ ವೆಂಡರ್‌ನಿಂದ ಅದೇ ಷೇರುಗಳ ಕ್ಲೋಸಿಂಗ್ ಬೆಲೆ ತಂದು, ದಿನಾ ರಾತ್ರಿ ಪಕ್ಕಪಕ್ಕ ಇಟ್ಟು ನೋಡುವುದು. ಇಲ್ಲಿ ಆ ಹೋಲಿಕೆಯನ್ನು ಹೊಸದಾಗಿ ಕಟ್ಟುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಲಿಕೆ ಆಗಲೇ ಓಡುತ್ತಿದೆ, ಇವತ್ತು ರಾತ್ರಿ ವ್ಯತ್ಯಾಸಗಳ ಪಟ್ಟಿ ಬಂದಿದೆ ಅಂದುಕೊಳ್ಳಿ. ಅದನ್ನು ಓದುವುದು ಹೇಗೆ, ಕಾರಣಕ್ಕೆ ಹೇಗೆ ತಲುಪುವುದು ಅನ್ನುವುದೇ ಇಲ್ಲಿನ ವಿಷಯ. ಜಾಸ್ತಿ ಹೊತ್ತು ನಿಲ್ಲುವುದು ಹಳೆ ಬೆಲೆ ಹೊಸ ತಾರೀಖು ಹೊತ್ತು ಬರುವ ದೋಷದ ಮೇಲೆ. ನನ್ನ ಪ್ರಕಾರ ಸದ್ದಿಲ್ಲದ ತಪ್ಪುಗಳಲ್ಲಿ ಅತಿ ಕಳ್ಳ ತಪ್ಪು ಇದೇ.

ವೆಂಡರ್‌ಗಳನ್ನು ಎ ಮತ್ತು ಬಿ ಎಂದು ಕರೆಯೋಣ.

ಮೊದಲು ಹೋಲಿಕೆಯನ್ನೇ ಅನುಮಾನಿಸಿ

ಪಟ್ಟಿ ಕೈಗೆ ಬಂದ ಕೂಡಲೇ ವೆಂಡರ್‌ಗೆ ಮೇಲ್ ಬರೆಯಲು ಹೋಗಬೇಡಿ. ಹೋಲಿಕೆ ಮಾಡುವ ಕೋಡ್‌ನಲ್ಲೇ ಮೂರು ಕಡೆ ಎಡವುವುದುಂಟು.

ಮೊದಲನೆಯದು ಜೋಡಿಸುವ ಕೀ. ಟಿಕರ್, ಅಂದರೆ ಎಕ್ಸ್‌ಚೇಂಜ್‌ನಲ್ಲಿ ಷೇರಿಗಿರುವ ಚುಟುಕು ಹೆಸರು, ಅದರ ಮೇಲೆ ಜೋಡಿಸಿದ್ದರೆ ಇವತ್ತಲ್ಲ ನಾಳೆ ತೊಂದರೆ ಖಚಿತ. ಕಂಪನಿ ಹೆಸರು ಬದಲಿಸಿದರೆ ಟಿಕರ್ ಬದಲಾಗಬಹುದು. ಹಳೆಯ ಟಿಕರ್ ಮುಂದೆ ಬೇರೆ ಕಂಪನಿಗೆ ಹೋಗಬಹುದು. ಬದಲಾವಣೆಯನ್ನು ಒಬ್ಬ ವೆಂಡರ್ ಇವತ್ತು ಮಾಡುತ್ತಾನೆ, ಇನ್ನೊಬ್ಬ ಎರಡು ದಿನ ಬಿಟ್ಟು ಮಾಡುತ್ತಾನೆ. ಆ ನಡುವಿನ ದಿನಗಳಲ್ಲಿ ನೀವು ಎರಡು ಬೇರೆ ಬೇರೆ ಕಂಪನಿಗಳ ಬೆಲೆ ಹೋಲಿಸುತ್ತಾ ಕೂತಿರುತ್ತೀರಿ. ಷೇರಿನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಐಎನ್ ಮತ್ತು ಎಕ್ಸ್‌ಚೇಂಜ್ ಕೋಡ್ ಎರಡೂ ಸೇರಿ ಕೀ ಆಗಬೇಕು. ಐಎಸ್‌ಐಎನ್ ಒಂದೇ ಸಾಲದು. ಒಂದೇ ಷೇರು ಎರಡು ಎಕ್ಸ್‌ಚೇಂಜ್‌ಗಳಲ್ಲಿ ವಹಿವಾಟಾದರೆ ಎರಡು ಕಡೆಯ ಕ್ಲೋಸಿಂಗ್ ಬೇರೆ ಬೇರೆ ಇರುವುದು ಸಹಜ.

ಎರಡನೆಯದು ತಾರೀಖು. ಒಬ್ಬ ವೆಂಡರ್ ವಹಿವಾಟು ನಡೆದ ದಿನದ ತಾರೀಖು ಹಾಕುತ್ತಾನೆ, ಇನ್ನೊಬ್ಬ ಫೈಲ್ ತಯಾರಾದ ಸಮಯವನ್ನು ಯುಟಿಸಿಯಲ್ಲಿ ಹಾಕುತ್ತಾನೆ. ಯುಟಿಸಿಯಲ್ಲಿ ಬಂದದ್ದನ್ನು ಸುಮ್ನೆ ತಾರೀಖಿಗೆ ಕತ್ತರಿಸಿದರೆ ಕೆಲವು ಮಾರುಕಟ್ಟೆಗಳಿಗೆ ಒಂದು ದಿನ ಆಚೀಚೆ ಆಗುತ್ತದೆ. ಹೀಗಾದಾಗ ಆ ಎಕ್ಸ್‌ಚೇಂಜ್‌ನ ಹೆಚ್ಚುಕಡಿಮೆ ಎಲ್ಲಾ ಷೇರುಗಳೂ ಒಟ್ಟಿಗೆ ತಪ್ಪುತ್ತವೆ. ಹಾಗಾಗಿ ಗುರುತಿಸುವುದು ಸುಲಭ.

ಮೂರನೆಯದನ್ನು ಕೋಡ್ ನೋಡಿಕೊಂಡೇ ಹೇಳಬೇಕು:

```python
m = a.merge(b, on=["isin", "mic", "trade_date"], how="outer",
            suffixes=("_a", "_b"), indicator=True)
m = m.merge(ticks, on=["isin", "mic"], how="left")
diff = (m["close_a"] - m["close_b"]).abs()
m["bad"] = ~(diff <= m["tick"] / 2)
```

ಇಲ್ಲಿ `how="outer"` ಇರಲೇಬೇಕು. `inner` ಹಾಕಿದರೆ ಒಬ್ಬನ ಬಳಿ ಇಲ್ಲದ ಷೇರು ಹೋಲಿಕೆಯಿಂದಲೇ ಮಾಯವಾಗುತ್ತದೆ. ವರದಿ ಚೊಕ್ಕವಾಗಿ ಕಾಣುತ್ತದೆ, ಅಷ್ಟೇ. ಇನ್ನು ಕೊನೆಯ ಸಾಲು. ಅದನ್ನು ನೇರವಾಗಿ `diff > m["tick"] / 2` ಎಂದು ಬರೆಯಬಹುದಿತ್ತಲ್ಲ ಎಂದು ಕೇಳಬಹುದು. ಬೆಲೆ ಒಂದು ಕಡೆ ಖಾಲಿ ಇದ್ದರೆ `diff` ಕೂಡ `NaN` ಆಗುತ್ತದೆ. `NaN` ಯಾವುದಕ್ಕಿಂತಲೂ ದೊಡ್ಡದಲ್ಲ, ಯಾವುದಕ್ಕಿಂತಲೂ ಚಿಕ್ಕದೂ ಅಲ್ಲ. ಹಾಗಾಗಿ ‘ದೊಡ್ಡದಾ?’ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬಂದು, ಕಾಣೆಯಾದ ಬೆಲೆ ಸರಿಯಾದ ಬೆಲೆಗಳ ಜೊತೆ ಸೇರಿಕೊಂಡುಬಿಡುತ್ತದೆ. ‘ಸಮೀಪ ಇದೆಯಾ?’ ಎಂದು ಕೇಳಿ, ಇಲ್ಲದ್ದನ್ನೆಲ್ಲ ತಪ್ಪಿನ ಪಟ್ಟಿಗೆ ಹಾಕಿದರೆ ಅದು ಸಿಕ್ಕಿಬೀಳುತ್ತದೆ. ಟಿಕ್ ಅಳತೆ ಗೊತ್ತಿಲ್ಲದ ಷೇರು ಕೂಡ ಇದೇ ಜಾಲಕ್ಕೆ ಬೀಳುತ್ತದೆ, ಒಳ್ಳೆಯದೇ.

ಟಿಕ್ ಅಂದರೆ ಆ ಷೇರಿನ ಬೆಲೆ ಒಂದು ಸಲಕ್ಕೆ ಕದಲಬಹುದಾದ ಅತಿ ಚಿಕ್ಕ ಮೊತ್ತ. ಕ್ಲೋಸಿಂಗ್ ಬೆಲೆ ಇಬ್ಬರ ಹತ್ತಿರವೂ ಒಂದೇ ಅಂಕಿ ಆಗಿರಬೇಕು. ಅರ್ಧ ಟಿಕ್ ಬಿಟ್ಟುಕೊಡುವುದು ದಶಮಾಂಶದ ಕೊನೆಯಲ್ಲಿ ಕಂಪ್ಯೂಟರ್ ಮಾಡುವ ಚಿಲ್ಲರೆ ವ್ಯತ್ಯಾಸಕ್ಕಾಗಿ ಮಾತ್ರ. ತುಂಬಾ ಜನ ಇಲ್ಲಿ ಶೇಕಡಾ ಲೆಕ್ಕ ಇಡುತ್ತಾರೆ: ‘0.5% ಒಳಗಿದ್ದರೆ ಬಿಟ್ಟುಬಿಡು.’ ಪಟ್ಟಿ ಚಿಕ್ಕದಾಗುತ್ತದೆ ನಿಜ. ಆದರೆ ಆ ಮಿತಿಯ ಅಡಿಯಲ್ಲಿ ಏನು ಅಡಗುತ್ತದೆ ಎಂದು ಮುಂದೆ ನೋಡೋಣ.

ಎರಡೂ ಕಡೆಯಿಂದ ತರಬೇಕಾದದ್ದು ಹೊಂದಾಣಿಕೆ ಮಾಡದ ಬೆಲೆ, ಅಂದರೆ ಸ್ಪ್ಲಿಟ್, ಡಿವಿಡೆಂಡ್‌ಗೆ ತಿದ್ದದ ಕಚ್ಚಾ ಬೆಲೆ. ತಿದ್ದಿದ ಬೆಲೆಯನ್ನು ಇಬ್ಬರೂ ತಮ್ಮ ತಮ್ಮ ಸೂತ್ರದಲ್ಲಿ ಲೆಕ್ಕ ಹಾಕುತ್ತಾರೆ. ಅದನ್ನು ಹೋಲಿಸಿದರೆ ದಿನಾ ಸಾವಿರಾರು ಸುಳ್ಳು ಎಚ್ಚರಿಕೆ ಬರುತ್ತದೆ, ಮೂರನೇ ವಾರಕ್ಕೆ ಯಾರೂ ಪಟ್ಟಿ ತೆರೆದು ನೋಡುವುದಿಲ್ಲ.

ವ್ಯತ್ಯಾಸ ಎಷ್ಟು ಅನ್ನುವುದಕ್ಕಿಂತ ಅದರ ಆಕಾರ ನೋಡಿ

ಹೋಲಿಕೆ ಸರಿ ಇದೆ ಎಂದಾದ ಮೇಲೆ ಪಟ್ಟಿಗೆ ಬನ್ನಿ. ಒಂದೊಂದೇ ಸಾಲು ಹಿಡಿದು ಕೂರಬೇಡಿ. ಮೊದಲು ಎ ಬೆಲೆಯನ್ನು ಬಿ ಬೆಲೆಯಿಂದ ಭಾಗಿಸಿ, ಆ ಅನುಪಾತದ ಮೇಲೆ ಪಟ್ಟಿಯನ್ನು ವಿಂಗಡಿಸಿ. ಅರ್ಧ ರೋಗನಿರ್ಣಯ ಇದರಲ್ಲೇ ಮುಗಿಯುತ್ತದೆ.

ಅನುಪಾತ ಸರಿಯಾಗಿ 2, 5, 10 ಅಥವಾ 0.5, 0.2 ಆಗಿದ್ದರೆ ಅದು ಸ್ಪ್ಲಿಟ್ ಅಥವಾ ಬೋನಸ್. ಒಬ್ಬ ವೆಂಡರ್ ಅದನ್ನು ಒಂದು ದಿನ ಮುಂಚೆ ಹಾಕಿದ್ದಾನೆ, ಅಥವಾ ಕಚ್ಚಾ ಬೆಲೆಯ ಜಾಗಕ್ಕೆ ತಿದ್ದಿದ ಬೆಲೆ ಬಂದಿದೆ. ಇಲ್ಲಿ ‘ಸರಿಯಾಗಿ’ ಅನ್ನುವುದು ಮುಖ್ಯ. ಸ್ಪ್ಲಿಟ್‌ನಿಂದ ಆದದ್ದು 5.000 ಎಂದೇ ಬರುತ್ತದೆ, ದಶಮಾಂಶ ಕತ್ತರಿಸುವಾಗಿನ ಚೂರು ವ್ಯತ್ಯಾಸ ಬಿಟ್ಟರೆ. 4.87 ಬಂದರೆ ಎರಡೂ ಕಡೆ ಬೇರೆ ಬೇರೆ ದಿನದ ಬೆಲೆಯೂ ಸೇರಿಕೊಂಡಿರಬಹುದು, ಅಂದರೆ ಎರಡು ದೋಷ ಒಟ್ಟಿಗೆ ಇವೆ.

100 ಬಂದರೆ ನಾಣ್ಯದ ಘಟಕ ನೋಡಿ. ಲಂಡನ್ ಎಕ್ಸ್‌ಚೇಂಜ್‌ನಲ್ಲಿ ಬಹುತೇಕ ಷೇರುಗಳ ಬೆಲೆ ಹೇಳುವುದು ಪೆನ್ಸ್‌ನಲ್ಲಿ, ಪೌಂಡ್‌ನಲ್ಲಿ ಅಲ್ಲ. ಒಬ್ಬ ವೆಂಡರ್ ಅದನ್ನು ಪೌಂಡ್‌ಗೆ ಬದಲಿಸಿ ಕೊಟ್ಟರೆ ನೂರು ಪಟ್ಟು ವ್ಯತ್ಯಾಸ. ಇದನ್ನು ಗುರುತಿಸಿದ ಮೇಲೆ ಒಂದೇ ಸಲ ಸರಿಪಡಿಸಿದರೆ ಸಾಕು.

ಅನುಪಾತ 1ರ ಹತ್ತಿರವೇ ಇದ್ದು, ಅರ್ಧ ಷೇರುಗಳಲ್ಲಿ ಎ ಮೇಲೆ, ಇನ್ನರ್ಧದಲ್ಲಿ ಬಿ ಮೇಲೆ, ಇದು ದಿನಾ ಹೀಗೇ ಇದ್ದರೆ ಅಲ್ಲಿ ತಪ್ಪು ಯಾರದ್ದೂ ಅಲ್ಲ. ಇಬ್ಬರೂ ‘ಕ್ಲೋಸಿಂಗ್’ ಎಂದು ಬೇರೆ ಬೇರೆ ಬೆಲೆ ಕೊಡುತ್ತಿದ್ದಾರೆ. ಕೆಲವು ಎಕ್ಸ್‌ಚೇಂಜ್‌ಗಳು ದಿನದ ಕೊನೆಗೆ ಒಂದು ಹರಾಜು ನಡೆಸಿ ಕ್ಲೋಸಿಂಗ್ ನಿಗದಿ ಮಾಡುತ್ತವೆ. ಇನ್ನು ಕೆಲವು ಕೊನೆಯ ಒಂದಿಷ್ಟು ನಿಮಿಷಗಳ ವಹಿವಾಟಿನ ತೂಕದ ಸರಾಸರಿ ತೆಗೆಯುತ್ತವೆ. ಇವು ಅಧಿಕೃತ ಕ್ಲೋಸಿಂಗ್. ಒಬ್ಬ ವೆಂಡರ್ ಇದನ್ನು ಕೊಟ್ಟು, ಇನ್ನೊಬ್ಬ ಕೊನೆಯ ವಹಿವಾಟಿನ ಬೆಲೆ ಕೊಟ್ಟರೆ ಎರಡೂ ಸರಿ, ಎರಡೂ ಬೇರೆ. ಸಮಯ ಮುಗಿದ ಮೇಲಿನ ವಹಿವಾಟನ್ನು ಒಬ್ಬ ಸೇರಿಸಿಕೊಂಡರೂ ಹೀಗೇ ಆಗುತ್ತದೆ. ವೆಂಡರ್ ಕೊಡುವ ಫೀಲ್ಡ್ ವಿವರಣೆ ತೆರೆದು, ಇಬ್ಬರಿಂದಲೂ ಅಧಿಕೃತ ಕ್ಲೋಸಿಂಗ್‌ನ ಫೀಲ್ಡ್ ಯಾವುದೋ ಅದನ್ನೇ ತರಿಸಿಕೊಳ್ಳಿ. ಇದನ್ನು ಸರಿಮಾಡದೆ ಮಿತಿ ಏರಿಸಿ ಪಟ್ಟಿ ಚಿಕ್ಕದು ಮಾಡುವುದು ಬೇಡ.

ಉಳಿದದ್ದು ನಮ್ಮ ಮುಖ್ಯ ವಿಷಯ: ಅನುಪಾತ 1ರ ಆಸುಪಾಸು, ಯಾವ ಲೆಕ್ಕಕ್ಕೂ ಸಿಗದ ಅಂಕಿಗಳು, ಕೆಲವೇ ಷೇರುಗಳು, ನಿನ್ನೆಯವರೆಗೆ ಎಲ್ಲ ಸರಿ.

ಒಂದು ರಾತ್ರಿಯ ಪಟ್ಟಿ

1,800 ಷೇರುಗಳ ಹೋಲಿಕೆ ಅಂದುಕೊಳ್ಳಿ. ಮಾಮೂಲಿ ರಾತ್ರಿಗಳಲ್ಲಿ ಪಟ್ಟಿಯಲ್ಲಿ ಎರಡೋ ಮೂರೋ ಸಾಲು. ಬುಧವಾರ ರಾತ್ರಿ 41. ಅನುಪಾತಗಳು 0.96ರಿಂದ 1.03ರ ನಡುವೆ ಹರಡಿವೆ. ಎಲ್ಲವೂ ಒಂದೇ ಎಕ್ಸ್‌ಚೇಂಜ್‌ನವು, ಆದರೆ ಆ ಎಕ್ಸ್‌ಚೇಂಜ್‌ನ ಉಳಿದ ನೂರಾರು ಷೇರುಗಳು ಚೆನ್ನಾಗಿಯೇ ತಾಳೆಯಾಗುತ್ತಿವೆ. ಒಂದೇ ಉದ್ಯಮದವು ಅಲ್ಲ. ದೊಡ್ಡ ಕಂಪನಿಯೂ ಇದೆ, ಸಣ್ಣದೂ ಇದೆ. 41ರಲ್ಲಿ 1% ಮೀರಿದ ವ್ಯತ್ಯಾಸ ಇರುವುದು 14ರಲ್ಲಿ ಮಾತ್ರ. ಮಿತಿಯನ್ನು 1%ಗೆ ಇಟ್ಟಿದ್ದರೆ ಮೂರನೇ ಎರಡು ಭಾಗ ಕಾಣುತ್ತಲೇ ಇರಲಿಲ್ಲ. ಕಂಡ 14ನ್ನೂ ‘ಇವತ್ತು ಸ್ವಲ್ಪ ಜಾಸ್ತಿ, ಅಷ್ಟೇ’ ಎಂದು ಬಿಟ್ಟುಬಿಡುವ ಸಾಧ್ಯತೆ ಇತ್ತು.

ಒಂದು ಷೇರನ್ನು ಎತ್ತಿಕೊಂಡು ಹಿಂದಿನ ಎರಡು ದಿನಗಳ ಜೊತೆ ಇಟ್ಟು ನೋಡೋಣ. ವ್ಯತ್ಯಾಸ ದೊಡ್ಡದಿರುವ ಷೇರು ಆರಿಸಬೇಕೆಂದಿಲ್ಲ. ಚೆನ್ನಾಗಿ ವಹಿವಾಟಾಗುವ ಷೇರು ಆರಿಸಿ, ಯಾಕೆಂದರೆ ಅದರ ವಾಲ್ಯೂಮ್, ಅಂದರೆ ಆ ದಿನ ಕೈ ಬದಲಾದ ಷೇರುಗಳ ಸಂಖ್ಯೆ, ಮಾತಾಡುತ್ತದೆ.

```
day   close_a  volume_a   close_b  volume_b
Mon    412.30    88,410    412.30    88,410
Tue    415.75    61,207    415.75    61,207
Wed    415.75    61,207    414.90    70,955
```

ಬೆಲೆಯ ವ್ಯತ್ಯಾಸ 0.85, ಅಂದರೆ ಸುಮಾರು 0.2%. ಶೇಕಡಾ ಮಿತಿ ಇಟ್ಟವರಿಗೆ ಇದು ಎಂದೂ ಕಾಣುವುದಿಲ್ಲ. ಆದರೆ ಎ ಕಾಲಂ ಅನ್ನು ಮೇಲಿಂದ ಕೆಳಗೆ ಓದಿ. ಬುಧವಾರದ ಬೆಲೆ ಮಂಗಳವಾರದ್ದೇ. ಅದು ಕಾಕತಾಳೀಯ ಇರಬಹುದು, ಷೇರು ನಿನ್ನೆಯ ಬೆಲೆಗೇ ಮುಚ್ಚುವುದು ಅಪರೂಪವೇನಲ್ಲ. ವಾಲ್ಯೂಮ್ ಕೂಡ 61,207 ಇದೆ ನೋಡಿ. ಎರಡು ದಿನ ಒಂದೊಂದು ಷೇರಿನವರೆಗೂ ಅಷ್ಟೇ ವಹಿವಾಟು ನಡೆಯುವುದು ಇಂಥ ಷೇರಿನಲ್ಲಿ ನಂಬುವ ಮಾತಲ್ಲ. ಎ ನಿನ್ನೆಯ ಸಾಲನ್ನೇ ಇವತ್ತಿನ ತಾರೀಖು ಹಾಕಿ ಕಳಿಸಿದ್ದಾನೆ.

ಇದನ್ನು ಎಲ್ಲಾ ಷೇರುಗಳ ಮೇಲೂ ಓಡಿಸಬಹುದು:

```python
same = (m["close_a"].eq(m["prev_close_a"])
        & m["volume_a"].eq(m["prev_volume_a"]))
m["stale_a"] = same & m["volume_a"].gt(0)
```

`prev_close_a` ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಗಮನ ಇರಲಿ. ಅದು ನಿನ್ನೆ ರಾತ್ರಿ ಎ ಕಳಿಸಿದ ಕಚ್ಚಾ ಫೈಲ್‌ನಿಂದ ಬರಬೇಕು. ನಿಮ್ಮ ಡೇಟಾಬೇಸ್‌ನಿಂದ ತಂದರೆ, ನಿನ್ನೆ ಯಾರಾದರೂ ಬಿ ಬೆಲೆ ಹಾಕಿ ತಿದ್ದಿದ್ದರೆ ಹೋಲಿಕೆ ಕೆಡುತ್ತದೆ. ವಾಲ್ಯೂಮ್ ಸೊನ್ನೆ ಇರುವುದನ್ನು ಬೇಕೆಂದೇ ಬಿಟ್ಟಿದ್ದೇವೆ. ವಹಿವಾಟೇ ನಡೆಯದ ಷೇರಿಗೆ ನಿನ್ನೆಯ ಬೆಲೆ ಮುಂದುವರಿಯುವುದು ಸರಿಯಾದದ್ದೇ, ಅದು ದೋಷವಲ್ಲ.

ಈ ಪರೀಕ್ಷೆ ಓಡಿಸಿದರೆ 46 ಸಾಲು ಸಿಗುತ್ತವೆ. ವ್ಯತ್ಯಾಸದ ಪಟ್ಟಿಯಲ್ಲಿದ್ದದ್ದು 41. ಹಾಗಾದರೆ ಉಳಿದ ಐದು ಯಾವುವು? ಅವುಗಳಲ್ಲಿ ಎರಡು ಷೇರುಗಳು ಬುಧವಾರ ನಿಜವಾಗಿಯೂ ಮಂಗಳವಾರದ ಬೆಲೆಗೇ ಮುಚ್ಚಿವೆ. ಇನ್ನು ಮೂರರಲ್ಲಿ ಬುಧವಾರ ವಹಿವಾಟೇ ನಡೆದಿಲ್ಲ. ಬಿ ಹತ್ತಿರ ಅವುಗಳ ವಾಲ್ಯೂಮ್ ಸೊನ್ನೆ, ಎ ಹತ್ತಿರ ಮಂಗಳವಾರದ ವಾಲ್ಯೂಮ್. ಬೆಲೆ ಎರಡೂ ಕಡೆ ತಾಳೆಯಾಗಿದ್ದರಿಂದ ಬೆಲೆಯ ಹೋಲಿಕೆ ಇವನ್ನು ‘ಸರಿ’ ಎಂದು ಬಿಟ್ಟಿತ್ತು. ಸಾಲು ಮಾತ್ರ ಹಳೆಯದೇ. ಬೆಲೆ ಸರಿ ಇದ್ದ ಮೇಲೆ ಏನಂತೆ ಎನ್ನಬಹುದು. ಆದರೆ ವಾಲ್ಯೂಮ್ ನೋಡಿ ಯಾವ ಷೇರು ಕೊಳ್ಳಬಹುದು ಎಂದು ತೀರ್ಮಾನಿಸುವ ಲೆಕ್ಕ ನಿಮ್ಮಲ್ಲಿದ್ದರೆ ಅಲ್ಲಿ ಪೆಟ್ಟು ಬೀಳುತ್ತದೆ. ಕ್ಲೋಸಿಂಗ್ ಹೋಲಿಸುವ ಕೆಲಸಕ್ಕೆ ವಾಲ್ಯೂಮ್ ಯಾಕೆ ತರಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಈ ಐದು ಸಾಲುಗಳನ್ನೇ.

ತಪ್ಪು ಅವರದ್ದೋ, ನಮ್ಮದೋ

ಹಳೆ ಬೆಲೆ ಸಿಕ್ಕಿದ ಕೂಡಲೇ ಎ ಮೇಲೆ ಹರಿಹಾಯುವ ಮುಂಚೆ ಒಂದು ಕೆಲಸ ಬಾಕಿ ಇದೆ. ಹಳೆ ಬೆಲೆ ನಮ್ಮ ಕಡೆಯೂ ಹುಟ್ಟಬಹುದು. ಲೋಡ್ ಮಾಡುವ ಕೋಡ್‌ನಲ್ಲಿ ಯಾರೋ `ffill()` ಹಾಕಿರುತ್ತಾರೆ. ಖಾಲಿ ಬಂದ ಜಾಗಕ್ಕೆ ಹಿಂದಿನ ದಿನದ ಬೆಲೆ ತಾನಾಗಿ ತುಂಬಿಕೊಳ್ಳುತ್ತದೆ. ಆಗ ವೆಂಡರ್ ಮಾಡಿದ್ದು ಒಂದು ಸಾಲು ಬಿಟ್ಟ ತಪ್ಪು. ಅದನ್ನು ಸದ್ದಿಲ್ಲದ ತಪ್ಪಾಗಿ ಬದಲಾಯಿಸಿದ್ದು ನಮ್ಮ ಕೋಡ್.

ಆದ್ದರಿಂದ ವೆಂಡರ್‌ನಿಂದ ಬಂದ ಕಚ್ಚಾ ಫೈಲ್ ತೆರೆದು ಆ ಸಾಲನ್ನೇ ಕಣ್ಣಾರೆ ನೋಡಿ. ಇದಕ್ಕೆ ಪ್ರತಿ ರಾತ್ರಿಯ ಫೈಲ್ ಅನ್ನು ಬಂದ ಸಮಯದ ಹೆಸರಿನಲ್ಲಿ, ಹಳೆಯದರ ಮೇಲೆ ಬರೆಯದೆ, ಹಾಗೇ ಉಳಿಸಿರಬೇಕು. ಉಳಿಸಿಲ್ಲದಿದ್ದರೆ ಇವತ್ತಿನಿಂದ ಶುರು ಮಾಡಿ. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ.

ನಮ್ಮ ಉದಾಹರಣೆಯಲ್ಲಿ ಕಚ್ಚಾ ಫೈಲ್‌ನಲ್ಲೇ ಬುಧವಾರದ ತಾರೀಖಿನ ಪಕ್ಕ 415.75 ಮತ್ತು 61,207 ಇವೆ. ನಮ್ಮ ಕೋಡ್ ಪಾರಾಯಿತು. ಈಗ ಆ 46 ಸಾಲುಗಳು ಫೈಲ್‌ನಲ್ಲಿ ಎಷ್ಟನೇ ಸಾಲಿನಲ್ಲಿವೆ ಎಂದು ನೋಡಿ. ಎ ಫೈಲ್ ಟಿಕರ್ ಕ್ರಮದಲ್ಲಿ ಇಲ್ಲ, ತನ್ನದೇ ಒಳಗಿನ ಗುರುತಿನ ಸಂಖ್ಯೆಯ ಕ್ರಮದಲ್ಲಿದೆ. ಪಟ್ಟಿಯಲ್ಲಿ ಚದುರಿದ ಹಾಗೆ ಕಂಡ ಷೇರುಗಳೆಲ್ಲ ಫೈಲ್‌ನಲ್ಲಿ 1,212ರಿಂದ 1,257ರವರೆಗೆ ಒಂದೂ ಬಿಡದೆ ಸಾಲಾಗಿ ನಿಂತಿವೆ. ಉದ್ಯಮ, ಗಾತ್ರ ಯಾವುದರಲ್ಲೂ ಸಿಗದ ನಂಟು ಇಲ್ಲಿ ಸಿಕ್ಕಿತು. ವೆಂಡರ್ ತನ್ನ ಒಳಗೆ ಷೇರುಗಳನ್ನು ತಂಡ ತಂಡವಾಗಿ ಸಂಸ್ಕರಿಸುತ್ತಾನೆ, ಒಂದು ತಂಡ ಆ ರಾತ್ರಿ ಕೈಕೊಟ್ಟಿದೆ ಎಂದು ಊಹಿಸಲು ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಫೈಲ್ ಬರೆಯುವ ಪ್ರೋಗ್ರಾಂ ‘ಇರುವ ಬೆಲೆಗಳಲ್ಲಿ ಕೊನೆಯದು ಕೊಡು’ ಎಂದು ಕೇಳಿ, ಬಂದದ್ದರ ಪಕ್ಕ ಇವತ್ತಿನ ತಾರೀಖು ಅಂಟಿಸಿದರೆ ನಿಖರವಾಗಿ ಇಂಥದ್ದೇ ಫೈಲ್ ಹುಟ್ಟುತ್ತದೆ. ಅದಕ್ಕೇ ತಾರೀಖಿನ ಕಾಲಂ ನೋಡಿ ಬೆಲೆ ಹೊಸದು ಎಂದು ನಂಬುವ ಹಾಗಿಲ್ಲ.

ಚದುರಿ ಬಂದಿದ್ದರೆ? ಒಂದೋ ಎರಡೋ ಷೇರು ಮಾತ್ರ ಹಳೆ ಬೆಲೆಯಲ್ಲಿ ನಿಂತಿದ್ದರೆ ಹೆಚ್ಚಾಗಿ ಗುರುತಿನ ಬದಲಾವಣೆ ಕಾರಣ. ಕಂಪನಿಗೆ ಹೊಸ ಐಎಸ್‌ಐಎನ್ ಬಂದಿದೆ, ವೆಂಡರ್ ಹಳೆಯದನ್ನು ಇನ್ನೂ ಜೀವಂತ ಇಟ್ಟಿದ್ದಾನೆ. ಈ ಹಳೆಯದು ದಿನಗಟ್ಟಲೆ ಅದೇ ಬೆಲೆ ತೋರಿಸುತ್ತಾ ಹೋಗುತ್ತದೆ. ವಹಿವಾಟು ಅಮಾನತಾದ ಷೇರು ಕೂಡ ಹೀಗೇ ಕಾಣುತ್ತದೆ. ಆದರೆ ಅಲ್ಲಿ ಬಿ ಕೂಡ ನಿಂತಿರುತ್ತಾನೆ, ವ್ಯತ್ಯಾಸದ ಪಟ್ಟಿಗೆ ಬರುವುದಿಲ್ಲ.

ಇಬ್ಬರಲ್ಲಿ ಯಾರನ್ನು ನಂಬುವುದು

ಮೇಲಿನ ಪ್ರಕರಣದಲ್ಲಿ ವಾಲ್ಯೂಮ್ ಸಾಕ್ಷಿ ಹೇಳಿತು. ಪ್ರತಿ ಸಲ ಹಾಗಾಗುವುದಿಲ್ಲ. ಇಬ್ಬರು ಬೇರೆ ಬೇರೆ ಹೇಳಿದರೆ ಒಬ್ಬನಾದರೂ ತಪ್ಪು ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಮೂರನೆಯದೊಂದು ಬೇಕು, ಅದು ಎಕ್ಸ್‌ಚೇಂಜ್ ತಾನೇ ಪ್ರಕಟಿಸುವ ದಿನದ ಕೊನೆಯ ಫೈಲ್ ಆದರೆ ಬಹಳ ಒಳ್ಳೆಯದು. ಎಲ್ಲಾ 1,800ಕ್ಕೂ ಅದನ್ನು ತರುವ ಅಗತ್ಯವಿಲ್ಲ, ಪಟ್ಟಿಗೆ ಬಂದ ಷೇರುಗಳಿಗೆ ತಂದರೆ ಸಾಕು.

ಅದು ಸಿಗದಿದ್ದರೆ ವೆಂಡರ್‌ನ ಸಾಲನ್ನು ಅದರದ್ದೇ ಮಾತಿನಲ್ಲಿ ಪರೀಕ್ಷಿಸಿ. ಕ್ಲೋಸಿಂಗ್ ಬೆಲೆ ಆ ದಿನದ ಕನಿಷ್ಠ ಮತ್ತು ಗರಿಷ್ಠದ ನಡುವೆ ಇದೆಯಾ? ಹಳೆ ಸಾಲು ಇಡೀ ಹಳೆಯದಾಗಿದ್ದರೆ ಈ ಪರೀಕ್ಷೆಯನ್ನು ಪಾಸು ಮಾಡಿಬಿಡುತ್ತದೆ. ಆದರೆ ಕ್ಲೋಸಿಂಗ್ ಮಾತ್ರ ಹಳೆಯದಾಗಿದ್ದರೆ ಸಿಕ್ಕಿಬೀಳಬಹುದು. ಇನ್ನೊಂದು ಪರೀಕ್ಷೆ ನನಗೆ ಹೆಚ್ಚು ಇಷ್ಟ. ಬಹಳಷ್ಟು ಫೈಲ್‌ಗಳಲ್ಲಿ ‘ಹಿಂದಿನ ಕ್ಲೋಸಿಂಗ್’ ಎಂಬ ಕಾಲಂ ಇರುತ್ತದೆ. ಗುರುವಾರದ ಫೈಲ್‌ನ ಆ ಕಾಲಂ, ಬುಧವಾರದ ಫೈಲ್‌ನ ಕ್ಲೋಸಿಂಗ್‌ಗೆ ಸಮ ಇರಬೇಕು. ನಡುವೆ ಸ್ಪ್ಲಿಟ್, ಬೋನಸ್, ಡಿವಿಡೆಂಡ್ ಏನೂ ಇಲ್ಲದೆ ಅದು ಬೇರೆ ಬಂದರೆ, ಬುಧವಾರದ ಬೆಲೆಯನ್ನು ವೆಂಡರ್ ಆಮೇಲೆ ತಾನೇ ತಿದ್ದಿಕೊಂಡಿದ್ದಾನೆ, ನಿಮಗೆ ಹೇಳಿಲ್ಲ. ಒಂದು ದಿನ ತಡವಾಗುತ್ತದೆ, ನಿಜ. ಆದರೆ ಇದಕ್ಕೆ ಎರಡನೇ ವೆಂಡರ್ ಕೂಡ ಬೇಕಿಲ್ಲ.

ಇಬ್ಬರೂ ಒಂದೇ ತಪ್ಪು ಬೆಲೆ ಹೇಳಿದರೆ ಹೋಲಿಕೆ ಕುರುಡು. ಇಬ್ಬರೂ ಒಂದೇ ಮೂಲದಿಂದ ಬೆಲೆ ಕೊಳ್ಳುತ್ತಿದ್ದರೆ ಇದು ಆಗೇ ಆಗುತ್ತದೆ. ಒಪ್ಪಂದಕ್ಕೆ ಮುಂಚೆಯೇ ‘ನಿಮ್ಮ ಬೆಲೆ ಎಕ್ಸ್‌ಚೇಂಜ್‌ನಿಂದ ನೇರವಾಗಿ ಬರುತ್ತದಾ, ಬೇರೆಯವರ ಮೂಲಕವಾ’ ಎಂದು ಕೇಳಿ. ಉತ್ತರ ತೇಲಿಸಿದರೆ ಹಳೆಯ ಪಟ್ಟಿಗಳನ್ನು ನೋಡಿ. ಎಕ್ಸ್‌ಚೇಂಜ್ ಫೈಲ್‌ಗೆ ಹೋಲಿಸಿದಾಗ ತಪ್ಪಿದ ದಿನಗಳು ಇಬ್ಬರಿಗೂ ಒಂದೇ ಆಗಿದ್ದರೆ, ಅದೇ ಷೇರುಗಳಲ್ಲಿ ಆಗಿದ್ದರೆ, ನೀವು ಒಂದೇ ಬಾವಿಯ ನೀರಿಗೆ ಎರಡು ಬಿಲ್ ಕಟ್ಟುತ್ತಿದ್ದೀರಿ.

ಇವತ್ತಿನ ದಿನ ಒಂದನ್ನೇ ಹೋಲಿಸಿದರೆ ತಪ್ಪಿಸಿಕೊಳ್ಳುವುದು

ಒಂದು ಬಗೆಯ ದೋಷ ಎಷ್ಟೇ ರಾತ್ರಿ ಕಾದರೂ ಇವತ್ತಿನ ಹೋಲಿಕೆಗೆ ಸಿಗುವುದಿಲ್ಲ. ಎ ತನ್ನ ಕಚ್ಚಾ ಬೆಲೆಯ ಕಾಲಂಗೆ ಅಕಸ್ಮಾತ್ ಡಿವಿಡೆಂಡ್ ಹೊಂದಾಣಿಕೆ ಹಾಕಿದ ಎಂದುಕೊಳ್ಳಿ. ಹಿಂದಿನ ಕ್ಲೋಸಿಂಗ್ 240, ಡಿವಿಡೆಂಡ್ 6. ಹೊಂದಾಣಿಕೆಯ ಗುಣಕ 1 − 6/240, ಅಂದರೆ 0.975. ಇದನ್ನು ಎಕ್ಸ್ ಡಿವಿಡೆಂಡ್ ದಿನಕ್ಕೂ ಹಿಂದಿನ ಬೆಲೆಗಳಿಗೆಲ್ಲ ಗುಣಿಸುತ್ತಾರೆ. ಆ ದಿನದ ಬೆಲೆ ಮತ್ತು ಅದರ ನಂತರದ ಬೆಲೆಗಳು ಹಾಗೇ ಉಳಿಯುತ್ತವೆ. ಇವತ್ತಿನ ಬೆಲೆ ಇಬ್ಬರ ಹತ್ತಿರವೂ ಒಂದೇ, ಇತಿಹಾಸ ಮಾತ್ರ ಸದ್ದಿಲ್ಲದೆ 2.5% ಕೆಳಗೆ ಜಾರಿದೆ.

ಹಾಗಾಗಿ ಪ್ರತಿ ರಾತ್ರಿ ಇವತ್ತಿನ ಬೆಲೆಯ ಜೊತೆ ಹಿಂದಿನ 20 ಅಥವಾ 30 ವಹಿವಾಟು ದಿನಗಳ ಬೆಲೆಯನ್ನೂ ಮತ್ತೆ ತರಿಸಿಕೊಂಡು, ಎರಡು ಥರ ಹೋಲಿಸಬೇಕು: ಎ ಜೊತೆ ಬಿ, ಹಾಗೇ ಇವತ್ತಿನ ಎ ಜೊತೆ ಮೊನ್ನೆ ಉಳಿಸಿಟ್ಟ ಎ. ಎರಡನೆಯದರಲ್ಲಿ ವ್ಯತ್ಯಾಸ ಬಂದರೆ ವೆಂಡರ್ ಇತಿಹಾಸ ತಿದ್ದಿದ್ದಾನೆ. ತಿದ್ದಿದ್ದು ತಪ್ಪೇ ಎಂದೇನಿಲ್ಲ. ಎಕ್ಸ್‌ಚೇಂಜ್ ಒಂದು ವಹಿವಾಟು ರದ್ದು ಮಾಡಿದರೆ ವೆಂಡರ್ ತಿದ್ದಲೇಬೇಕು. ತಿದ್ದಿದ್ದು ಒಂದು ದಿನದ ಒಂದು ಬೆಲೆಯಾ, ಒಂದು ತಾರೀಖಿನಿಂದ ಹಿಂದಕ್ಕೆ ಎಲ್ಲವೂ ಒಂದೇ ಅನುಪಾತದಲ್ಲಿ ಸರಿದಿವೆಯಾ ಎಂದು ನೋಡಿ. ಎರಡನೆಯದಾದರೆ ಅದು ಹೊಂದಾಣಿಕೆ, ಕಚ್ಚಾ ಕಾಲಂನಲ್ಲಿ ಅದಕ್ಕೆ ಜಾಗವಿಲ್ಲ.

ಸಿಕ್ಕಿದ ಮೇಲೆ

ಕೆಲವು ಕಡೆ ತಾಳೆಯಾಗದ ಬೆಲೆಗಳ ಸರಾಸರಿ ತೆಗೆದು ಹಾಕುವ ಅಭ್ಯಾಸ ಇದೆ. ದಯವಿಟ್ಟು ಬೇಡ. 415.75 ಹಳೆಯದು, 414.90 ನಿಜವಾದದ್ದು. ಸರಾಸರಿ 415.325 ಯಾವ ದಿನವೂ ಯಾರೂ ಕಾಣದ ಬೆಲೆ. ತಪ್ಪನ್ನು ಅರ್ಧ ಮಾಡಿ ಶಾಶ್ವತವಾಗಿ ಹೂತಿಟ್ಟ ಹಾಗೆ.

ತಾನಾಗಿ ಬಿ ಬೆಲೆಗೆ ಬದಲಾಗುವುದು ಅದಕ್ಕಿಂತ ವಾಸಿ, ಆದರೆ ಮೊದಲು ಇಬ್ಬರದ್ದೂ ಅಧಿಕೃತ ಕ್ಲೋಸಿಂಗ್ ಎಂದು ಖಾತ್ರಿ ಇರಬೇಕು. ಒಬ್ಬನದು ಅಧಿಕೃತ, ಇನ್ನೊಬ್ಬನದು ಕೊನೆಯ ವಹಿವಾಟು ಆಗಿದ್ದರೆ, ಒಂದು ದಿನ ಬಿ, ಮರುದಿನ ಎ ಎಂದು ಬೆರೆಸಿದಾಗ ಇಲ್ಲದ ಏರಿಳಿತ ಹುಟ್ಟುತ್ತದೆ. ಬದಲಿಸಿದರೆ ಆ ಸಾಲಿನ ಪಕ್ಕ ಬೆಲೆ ಯಾರಿಂದ ಬಂತು ಅಂತ ಬರೆದಿರಲಿ. ತೀರ್ಮಾನ ಆಗದ ಸಾಲಿಗೆ ‘ತಡೆ’ ಗುರುತು ಹಾಕಿ ಪಕ್ಕಕ್ಕಿಡಿ. ಬೆಳಗ್ಗೆ ಬಳಕೆಗೆ ಮುಂಚೆ ಹೋಲಿಕೆಯನ್ನು ಇನ್ನೊಮ್ಮೆ ಓಡಿಸಿ. ರಾತ್ರಿ ಬಂದದ್ದು ತಾತ್ಕಾಲಿಕ ಫೈಲ್ ಆಗಿದ್ದರೆ ಆ ಹೊತ್ತಿಗೆ ಅಂತಿಮ ಫೈಲ್ ಬಂದಿರುತ್ತದೆ.

ವೆಂಡರ್‌ಗೆ ಬರೆಯುವಾಗ ‘ಬೆಲೆ ತಪ್ಪಿದೆ’ ಎಂದರೆ ಉತ್ತರ ಬರಲು ವಾರ ಬೇಕು. ಫೈಲ್ ಹೆಸರು, ಅದು ನಿಮಗೆ ಬಂದ ಸಮಯ, ಸಾಲು 1,212ರಿಂದ 1,257, ಪ್ರತಿಯೊಂದರ ಐಎಸ್‌ಐಎನ್, ಹಿಂದಿನ ದಿನದ ಬೆಲೆ ಮತ್ತು ವಾಲ್ಯೂಮ್ ಇವತ್ತಿನದಕ್ಕೆ ಸಮ ಇರುವುದು, ಎಕ್ಸ್‌ಚೇಂಜ್ ಫೈಲ್‌ನ ಬೆಲೆ: ಇಷ್ಟು ಕೊಟ್ಟರೆ ಅವರ ಸಹಾಯ ವಿಭಾಗ ಅದನ್ನು ನೇರವಾಗಿ ಕೆಲಸ ಮಾಡುವವರ ಕೈಗೆ ದಾಟಿಸುತ್ತದೆ.

ತಿದ್ದಿದ ಫೈಲ್ ಬಂದಾಗ 46 ಸಾಲುಗಳನ್ನೂ ಪರಿಶೀಲಿಸಿ, ಪಟ್ಟಿಯಲ್ಲಿ ಕಂಡ 41ನ್ನು ಮಾತ್ರ ಅಲ್ಲ. ವೆಂಡರ್ ತಿದ್ದಿದ ಮೇಲೂ ಆ ಐದರ ವಾಲ್ಯೂಮ್ ಹಾಗೇ ಉಳಿಯಬಹುದು.

ತಿದ್ದಿದ್ದು ಬರುವ ಮುಂಚೆ ಗುರುವಾರದ ಲೆಕ್ಕ ಓಡಿಬಿಟ್ಟಿದ್ದರೆ, ಬುಧವಾರದ್ದನ್ನು ಮಾತ್ರ ಸರಿಮಾಡಿ ಕೈಬಿಡಬೇಡಿ. ಹಳೆ ಬೆಲೆ ಒಂದು ದಿನ ನಿಂತರೆ ಎರಡು ದಿನದ ಬೆಲೆ ಬದಲಾವಣೆಯ ಲೆಕ್ಕ ಕೆಡುತ್ತದೆ. ಗುರುವಾರ ಅದೇ ಷೇರು 421.10ಕ್ಕೆ ಮುಚ್ಚಿತು ಎನ್ನಿ. ನಿಜವಾದ ಬದಲಾವಣೆ ಬುಧವಾರ −0.20%, ಗುರುವಾರ +1.49%. ಎ ಫೈಲ್ ಪ್ರಕಾರ ಬುಧವಾರ 0, ಗುರುವಾರ +1.29%. ಗುರುವಾರದ ಬೆಲೆ ಎರಡೂ ಕಡೆ ಒಂದೇ ಇರುವುದರಿಂದ ಆ ರಾತ್ರಿಯ ಹೋಲಿಕೆ ಏನೂ ಹೇಳುವುದಿಲ್ಲ. ಗುರುವಾರದ ಬದಲಾವಣೆಯನ್ನು ಬಳಸಿದ ಪ್ರತಿ ಲೆಕ್ಕವನ್ನೂ ಮತ್ತೆ ಓಡಿಸಬೇಕು.